ಕೆಲಸದಿಂದ ಬಿಡಿಸುವ ಪತ್ರದಲ್ಲಿ ಒಂದು ಮಾತು ಹೆಚ್ಚಾದರೆ

ಕೋಲ್ಕತ್ತದ ಸತ್ಯೇಂದ್ರನಾಥ ಬೋಸ್ ಮೂಲವಿಜ್ಞಾನ ಕೇಂದ್ರವು ಪ್ರೊಬೇಷನ್‌ನಲ್ಲಿದ್ದ ಇಬ್ಬರು ನೌಕರರನ್ನು ಬೇರೆ ಬೇರೆ ಸಂದರ್ಭದಲ್ಲಿ ಕೆಲಸದಿಂದ ಬಿಡಿಸಿತು. ಇಬ್ಬರ ವಿಷಯದಲ್ಲೂ ಕೊಟ್ಟ ಕಾರಣ ಹೆಚ್ಚುಕಡಿಮೆ ಒಂದೇ: ಕೆಲಸ ತೃಪ್ತಿಕರವಾಗಿಲ್ಲ. ಇಬ್ಬರೂ ಸುಪ್ರೀಂ ಕೋರ್ಟಿನವರೆಗೆ ಹೋದರು. 1999ರಲ್ಲಿ ತೀರ್ಪು ಬಂದ ಮೊದಲನೆಯವರು ಗೆದ್ದು, ಹಿಂಬಾಕಿ ಸಂಬಳದೊಂದಿಗೆ ಕೆಲಸಕ್ಕೆ ಮರಳುವ ಆದೇಶ ಪಡೆದರು. 2006ರಲ್ಲಿ ಎರಡನೆಯವರು ಸೋತರು.

ಮೊದಲ ಪ್ರಕರಣದ ಆದೇಶವನ್ನು ಮೇಲ್ನೋಟಕ್ಕೆ ಓದಿದರೆ ಆಕ್ಷೇಪಿಸುವಂಥದ್ದೇನೂ ಕಾಣದು. ಆದರೆ ಆ ಆದೇಶವು ಹಿಂದೆ ಕಳಿಸಿದ್ದ ಕೆಲವು ಪತ್ರಗಳನ್ನು ಉಲ್ಲೇಖಿಸಿತ್ತು. ಆ ಪತ್ರಗಳನ್ನು ತೆಗೆದು ನೋಡಿದರೆ ಸುಳ್ಳು ಬಿಲ್ಲಿನ ಮಾತು, ಮಹಿಳಾ ಸಿಬ್ಬಂದಿಯೊಡನೆ ದುರ್ವರ್ತನೆಯ ಮಾತು ಅಲ್ಲಿದ್ದವು. ಕಳಂಕ ತರುವ ಮಾತು ಆದೇಶದಲ್ಲೇ ಇರಬೇಕೆಂದಿಲ್ಲ, ಆದೇಶ ಬೆರಳು ತೋರಿಸುವ ಕಾಗದದಲ್ಲಿದ್ದರೂ ಸಾಕು ಎಂದಿತು ಕೋರ್ಟು. ಮುಂದೆ ಕೆಲಸ ಕೊಡುವವರು ಆ ಕಾಗದವನ್ನೂ ಕೇಳಬಹುದಲ್ಲ! ಅಂಥ ಆರೋಪವಿದ್ದರೆ ಮೊದಲು ಆರೋಪ ಪತ್ರ ಕೊಟ್ಟು ಸರಿಯಾದ ವಿಚಾರಣೆ ನಡೆಸಬೇಕಿತ್ತು. ಎರಡನೆಯ ಪ್ರಕರಣದಲ್ಲಿ ಟೀಕೆ ಕೆಲಸದ ಅಳತೆಯನ್ನು ಮೀರಿ ಹೋಗಿರಲಿಲ್ಲ, ಆದೇಶ ಉಳಿಯಿತು.

ಕೋರ್ಟು ಇಂಥ ಕಡೆಗಳಲ್ಲೆಲ್ಲ ಕೇಳುವ ಪ್ರಶ್ನೆ ಒಂದೇ. ಈ ಮನುಷ್ಯ ಕೆಲಸಕ್ಕೆ ತಕ್ಕವನಲ್ಲ ಎಂದು ಬಿಟ್ಟರೋ, ತಪ್ಪು ಮಾಡಿದ ಎಂದು ಶಿಕ್ಷಿಸಿದರೋ? ತಕ್ಕವನಲ್ಲ ಎನ್ನಲು ಕೆಲಸದ ದಾಖಲೆ ಸಾಕು. ಶಿಕ್ಷಿಸಬೇಕಾದರೆ ವಿಚಾರಣೆ ಬೇಕು. ಲಖನೌದ ಸಂಜಯ ಗಾಂಧಿ ವೈದ್ಯಕೀಯ ಸಂಸ್ಥೆಯ ಪ್ರಕರಣದಲ್ಲಿ 2001ರ ತೀರ್ಪು, ಪ್ರೊಬೇಷನ್‌ನಲ್ಲಿದ್ದವರಿಗೆ ‘ಕೆಲಸ ಮತ್ತು ನಡತೆ ತೃಪ್ತಿಕರವಾಗಿಲ್ಲ’ ಎಂದಷ್ಟೇ ಬರೆದರೆ ಅದು ಕಳಂಕವಾಗದು ಎಂದು ಸ್ಪಷ್ಟಪಡಿಸಿತು. ಕೆಲಸ ಹೋದ ಯಾರಿಗೂ ಪತ್ರ ಹಿತವಾಗಿ ಕಾಣುವುದಿಲ್ಲ. ನೋವಾಯಿತು ಎಂಬುದೇ ಕಾನೂನಿನ ಅಳತೆಗೋಲಲ್ಲ.

ಇವೆಲ್ಲ ಸರ್ಕಾರಿ ಸ್ವರೂಪದ ಸಂಸ್ಥೆಗಳ ಕಥೆ, ನಮ್ಮ ಕಂಪನಿಗೇನು ಎಂದು ಖಾಸಗಿ ಮಾಲೀಕರು ಕೇಳುವುದುಂಟು. ಖಾಸಗಿ ನೌಕರಿಗೆ ಸಂವಿಧಾನದ ಆ ರಕ್ಷಣೆ ಇಲ್ಲ ಎಂಬುದು ನಿಜ. ಆದರೆ ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವ ನೌಕರರ ವಿಷಯದಲ್ಲಿ ಇದೇ ಪ್ರಶ್ನೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಪ್ಯಾನ್ ಅಮೆರಿಕನ್ ವಿಮಾನ ಕಂಪನಿ ಒಬ್ಬ ನೌಕರನನ್ನು ‘ನಿಮ್ಮ ಮೇಲೆ ನಂಬಿಕೆ ಹೋಗಿದೆ’ ಎಂಬ ಕಾರಣಕ್ಕೆ ತೆಗೆದಾಗ, ಆ ಮಾತೇ ಕಳಂಕ, ವಿಚಾರಣೆಯಿಲ್ಲದೆ ಅದನ್ನು ಬಳಸುವಂತಿಲ್ಲ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೌಕರರ ಹುದ್ದೆಗೆ ‘ಎಕ್ಸಿಕ್ಯೂಟಿವ್’ ಎಂದೋ ‘ಮ್ಯಾನೇಜರ್’ ಎಂದೋ ಹೆಸರಿಟ್ಟ ಮಾತ್ರಕ್ಕೆ ಕಾರ್ಮಿಕ ಕಾನೂನು ದೂರ ಸರಿಯುವುದಿಲ್ಲ. ಆತ ನಿಜಕ್ಕೂ ಮಾಡುವ ಕೆಲಸ ಯಾವುದು ಎಂದು ನೋಡುತ್ತಾರೆ.

ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಕೂಡ ಇದೆ. ಸತತ ಆರು ತಿಂಗಳು ದುಡಿದವರನ್ನು ಸೂಕ್ತ ಕಾರಣವಿಲ್ಲದೆ ತೆಗೆಯುವಂತಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡಲೇಬೇಕು. ದುರ್ನಡತೆಯೆಂದು ವಿಚಾರಣೆಯಲ್ಲಿ ಸಾಬೀತಾದರೆ ಮಾತ್ರ ನೋಟಿಸ್ ಬೇಕಿಲ್ಲ. ಅಂದರೆ ಕಾರಣವನ್ನೇ ಬರೆಯದೆ ಜಾಣತನ ತೋರಿಸಿದರೂ, ಮೇಲ್ಮನವಿ ಹೋದ ದಿನ ಕಾರಣ ಹೇಳಲೇಬೇಕಾಗುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನ ಒಂದು ಕೊರಿಯರ್ ಕಂಪನಿ. ಗ್ರಾಹಕರ ದೂರು ದಾಖಲಿಸಿ ಉತ್ತರಿಸುವ ರಮೇಶ ಅಲ್ಲಿ ಮೂರು ವರ್ಷ ಪೂರೈಸಿದ್ದಾನೆ. ದಿನಕ್ಕೆ 40 ದೂರು ಮುಗಿಸಬೇಕಾದಲ್ಲಿ ಆತ ಮುಗಿಸುವುದು 25. ಎಚ್‌ಆರ್‌ನವರು ಸಿಟ್ಟಿನಲ್ಲಿ ಹೀಗೆ ಬರೆಯುತ್ತಾರೆ: ‘ಪದೇ ಪದೇ ಎಚ್ಚರಿಸಿದರೂ ನೀವು ಕೆಲಸದಲ್ಲಿ ನಿರ್ಲಕ್ಷ್ಯ ತೋರಿದ್ದೀರಿ, ದಾಖಲೆಗಳನ್ನು ತಿರುಚಿದ್ದೀರಿ, ಆಡಳಿತದ ನಂಬಿಕೆ ಕಳೆದುಕೊಂಡಿದ್ದೀರಿ. ಈ ಕ್ಷಣದಿಂದ ನಿಮ್ಮನ್ನು ವಜಾ ಮಾಡಲಾಗಿದೆ.’

ಇದರಲ್ಲಿ ಅತಿ ಅಪಾಯದ ಮಾತು ‘ತಿರುಚಿದ್ದೀರಿ’ ಎಂದು ಯಾರಿಗಾದರೂ ಹೊಳೆಯುತ್ತದೆ. ಅದು ನೇರವಾಗಿ ಅಪ್ರಾಮಾಣಿಕತೆಯ ಆರೋಪ. ಆದರೆ ಹೆಚ್ಚಿನವರು ಎಡವುವುದು ‘ನಿರ್ಲಕ್ಷ್ಯ’ದಲ್ಲಿ. ಕಾರ್ಖಾನೆಗಳ ಸ್ಥಾಯಿ ಆದೇಶಗಳ ದುರ್ನಡತೆಯ ಪಟ್ಟಿಯಲ್ಲಿ ರೂಢಿಗತ ನಿರ್ಲಕ್ಷ್ಯ ಇದ್ದೇ ಇರುತ್ತದೆ. ರಮೇಶನಿಗೆ 40 ದೂರು ಮುಗಿಸಲು ಆಗಲಿಲ್ಲ ಎಂಬುದು ಸಾಮರ್ಥ್ಯದ ಮಾತು. ಮುಗಿಸಬಹುದಾಗಿದ್ದೂ ಮುಗಿಸಲಿಲ್ಲ ಎಂಬುದು ತಪ್ಪಿನ ಮಾತು. ಎರಡನೆಯದನ್ನು ಬರೆದ ಕ್ಷಣ ಕಂಪನಿ ತನ್ನ ತಲೆಗೆ ವಿಚಾರಣೆಯ ಹೊರೆ ಕಟ್ಟಿಕೊಂಡಿತು. ಇನ್ನು ‘ಪದೇ ಪದೇ ಎಚ್ಚರಿಸಿದರೂ’ ಎಂದಿದ್ದಾರೆ. ಎಚ್ಚರಿಕೆಯೆಲ್ಲ ಬಾಯಿಮಾತಿನದಾಗಿದ್ದು, ಎರಡು ತಿಂಗಳ ಹಿಂದೆ ‘ನಿಮ್ಮ ಉತ್ತಮ ಸೇವೆಯನ್ನು ಮೆಚ್ಚಿ’ ಎಂದು ಸಂಬಳ ಏರಿಸಿದ ಪತ್ರ ರಮೇಶನ ಮನೆಯಲ್ಲಿದ್ದರೆ ಮುಗಿಯಿತು. ಏರಿಕೆ ಪತ್ರದ ಆ ಸಿದ್ಧ ಒಕ್ಕಣೆಯನ್ನು ಎಲ್ಲರಿಗೂ ಹಂಚುವ ಅಭ್ಯಾಸ ಎಷ್ಟೋ ಕಂಪನಿಗಳ ಕೇಸನ್ನು ಒಳಗಿಂದಲೇ ಕೊರೆಯುತ್ತದೆ.

ಅದೇ ಕಂಪನಿ ಸಾವಧಾನವಾಗಿ ನಡೆದಿದ್ದರೆ? ಮೊದಲು ಬರವಣಿಗೆಯಲ್ಲಿ ಗುರಿ ಎಷ್ಟು, ಆಗುತ್ತಿರುವುದು ಎಷ್ಟು ಎಂದು ತಿಳಿಸಿ, ತರಬೇತಿ ಕೊಟ್ಟು, ಸುಧಾರಣೆಗೆ ಮೂರು ತಿಂಗಳು ಬಿಡಬೇಕು. ಅದೇ ಕೆಲಸ ಮಾಡುವ ಉಳಿದವರು 40ನ್ನು ಮುಟ್ಟುತ್ತಿದ್ದಾರೆಯೇ ಎಂಬುದನ್ನೂ ನೋಡಬೇಕು. ಯಾರೂ ಮುಟ್ಟದ ಗುರಿ ಇಟ್ಟು ಒಬ್ಬನನ್ನೇ ತೆಗೆದರೆ ಅದರ ಹಿಂದೆ ಬೇರೆ ಕಾರಣವಿದೆ ಎಂದು ಯಾರಾದರೂ ಊಹಿಸುತ್ತಾರೆ. ಕೊನೆಯ ಪತ್ರ ಹೀಗಿದ್ದರೆ ಸಾಕು: ‘ನಿಮ್ಮ ಹುದ್ದೆಗೆ ನಿಗದಿಯಾದ ಗುರಿ ದಿನಕ್ಕೆ 40 ದೂರು. ಸುಧಾರಣೆಯ ಅವಧಿಯ ನಂತರವೂ ನಿಮ್ಮ ಸರಾಸರಿ 26. ಹುದ್ದೆಗೆ ಬೇಕಾದ ಮಟ್ಟ ತಲುಪದ ಕಾರಣ ಒಂದು ತಿಂಗಳ ನೋಟಿಸಿನೊಂದಿಗೆ ನಿಮ್ಮ ಸೇವೆಯನ್ನು ಕೊನೆಗೊಳಿಸಲಾಗುತ್ತಿದೆ.’ ಇಲ್ಲಿ ವಿಶೇಷಣಗಳಿಲ್ಲ, ಹಳೆಯ ಜಗಳದ ಉಲ್ಲೇಖವಿಲ್ಲ, ‘ವಜಾ’ ಇಲ್ಲ.

ಇಷ್ಟಾದರೂ ಹಣದ ಬಾಬ್ತು ಉಳಿಯುತ್ತದೆ. ಕಾರ್ಮಿಕನೆಂಬ ವ್ಯಾಖ್ಯೆಗೆ ಬರುವವರನ್ನು ಶಿಕ್ಷೆಯಾಗಿ ಅಲ್ಲದೆ ಬೇರೆ ಕಾರಣಕ್ಕೆ ತೆಗೆದರೆ, ಕೆಲವು ವಿನಾಯಿತಿ ಬಿಟ್ಟು, ಕಾನೂನು ಅದನ್ನು ಛಾಟಿಯೆಂದೇ ನೋಡುತ್ತದೆ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದಕ್ಕೆ ಕಾರಣ ತಿಳಿಸುವ ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಬೇಕು, ಜೊತೆಗೆ ಪೂರ್ಣಗೊಳಿಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ. ರಮೇಶನಿಗೆ ಮೂರು ವರ್ಷಕ್ಕೆ 45 ದಿನದ್ದು. ಇದನ್ನು ಕೊಡದೆ ಉಳಿಸಿಕೊಂಡರೆ, ಪತ್ರ ಎಷ್ಟು ಅಂದವಾಗಿದ್ದರೂ ತೆಗೆದದ್ದೇ ಅಸಿಂಧುವಾಗಬಹುದು.

ನೋಯಿಸುವುದೇಕೆ ಎಂದು ‘ಹುದ್ದೆ ರದ್ದಾಗಿದೆ’ ಎಂದು ಬರೆಯುವವರಿದ್ದಾರೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ನನ್ನ ಮಟ್ಟಿಗೆ ಇದು ಬೈಗುಳದ ಪತ್ರಕ್ಕಿಂತ ಕೆಟ್ಟದು. ಮರುತಿಂಗಳೇ ಅದೇ ಕೆಲಸಕ್ಕೆ ಜಾಹೀರಾತು ಬಂದರೆ ಸುಳ್ಳು ಬಯಲಾಗುತ್ತದೆ. ಛಾಟಿಯಾದವರಿಗೆ ಮರುನೇಮಕದಲ್ಲಿ ಆದ್ಯತೆ ಕೊಡಬೇಕೆಂಬ ನಿಯಮವೂ ಎದ್ದು ನಿಲ್ಲುತ್ತದೆ. ಆಮೇಲೆ ನ್ಯಾಯಾಲಯದಲ್ಲಿ ‘ನಿಜಕ್ಕೂ ಅವನ ಕೆಲಸ ಸರಿಯಿರಲಿಲ್ಲ’ ಎಂದರೆ ನಂಬುವವರು ಯಾರು? ಸರ್ಕಾರಿ ಅಧಿಕಾರಿಗಳ ಆದೇಶಗಳ ವಿಷಯದಲ್ಲಂತೂ, ಆದೇಶದಲ್ಲಿಲ್ಲದ ಕಾರಣವನ್ನು ಆಮೇಲೆ ಪ್ರಮಾಣಪತ್ರದಲ್ಲಿ ಸೇರಿಸುವಂತಿಲ್ಲ ಎಂದು 1977ರಷ್ಟು ಹಿಂದೆಯೇ, ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಿಂದ ಇತ್ಯರ್ಥವಾಗಿದೆ.

ಇಂಥ ಪತ್ರ ನಿಮ್ಮ ಕೈಗೇ ಬಂದರೆ, ‘ಸ್ವೀಕರಿಸಿದ್ದೇನೆ, ಒಪ್ಪಿರುವುದಿಲ್ಲ’ ಎಂದು ಬರೆದು ತಾರೀಖು ಹಾಕಿ ಸಹಿ ಮಾಡಿ. ಒತ್ತಾಯಕ್ಕೆ ರಾಜೀನಾಮೆ ಬರೆದುಕೊಡಬೇಡಿ. ಮೇಲ್ಮನವಿಗೆ ಕಾಲಮಿತಿ ಇರುವುದರಿಂದ ಏರಿಕೆ ಪತ್ರ, ಇಮೇಲ್, ಸಂಬಳದ ಚೀಟಿಗಳನ್ನು ಕೂಡಲೇ ಜೋಡಿಸಿಕೊಂಡು ಕಾರ್ಮಿಕ ಇಲಾಖೆಯನ್ನೋ ವಕೀಲರನ್ನೋ ಕಾಣಿ.