ಬಿಲ್ ಚಿತ್ರದಲ್ಲಿ ಜಿಎಸ್‌ಟಿ ಲೆಕ್ಕ

ಬಿಲ್ಲಿನ ಚಿತ್ರದಿಂದ ತೆರಿಗೆ ಬಿಡಿಸುವಾಗ ಮೊದಲು ನೋಡಬೇಕಾದದ್ದು ಮಾರಾಟಗಾರರ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ಮತ್ತು ಪೂರೈಕೆಯ ಸ್ಥಳ. ಕರ್ನಾಟಕದ ಸಂಕೇತ 29. ಎರಡೂ ಒಂದೇ ರಾಜ್ಯವಾದರೆ ಸಾಮಾನ್ಯವಾಗಿ ಕೇಂದ್ರ ಮತ್ತು ರಾಜ್ಯ ತೆರಿಗೆ ಸಮಪಾಲಾಗಿರುತ್ತವೆ. ಬೇರೆಯಾದರೆ ಸಮಗ್ರ ತೆರಿಗೆ ಮಾತ್ರ ಇರುತ್ತದೆ. ಒಂದೇ ಸಾಲಿಗೆ ಮೂರೂ ಬಂದರೆ ಓದುವಿಕೆಯೋ ಬಿಲ್ಲೋ ತಪ್ಪಾಗಿದೆ.

ಬೆಂಗಳೂರಿನ ಅಂಗಡಿಯೊಂದು ಮೈಸೂರಿಗೆ 12,450 ರೂಪಾಯಿಯ ಸರಕನ್ನು ಶೇ. 18ರ ದರದಲ್ಲಿ ಮಾರಿದೆ ಎನ್ನೋಣ. ಶೇ. 9ರಂತೆ ತಲಾ 1,120.50 ರೂಪಾಯಿ ಸೇರಿ ಒಟ್ಟು 14,691 ಆಗಬೇಕು. ಮಸುಕಾದ ಚಿತ್ರದಲ್ಲಿ ರಾಜ್ಯ ತೆರಿಗೆ 1,720.50 ಎಂದು ಓದಿದರೆ ಪಾಲುಗಳು ಸಮವಾಗುವುದಿಲ್ಲ, ಮೊತ್ತವೂ 600 ಹೆಚ್ಚಾಗುತ್ತದೆ. ಕೆಲವು ಪೈಸೆಗಳ ವ್ಯತ್ಯಾಸ ಮಾತ್ರ ಪೂರ್ಣಾಂಕಗೊಳಿಸಿದ್ದರಿಂದ ಬಂದಿರಬಹುದು. ದೊಡ್ಡ ವ್ಯತ್ಯಾಸವಿದ್ದರೆ ಮೂಲ ಬಿಲ್ಲನ್ನೇ ನೋಡಬೇಕು.