ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ: ಶಾಲಾ ಸಂಚಿಕೆಗೊಂದು ಫಾಂಟ್ ಪರೀಕ್ಷೆ

ಶಾಲೆಯ ವಾರ್ಷಿಕ ಸಂಚಿಕೆಗೆ ಯಾವ ಫಾಂಟ್ ಎಂಬುದು ಸಾಮಾನ್ಯವಾಗಿ ತೀರ್ಮಾನವಾಗುವುದು ಡಿಟಿಪಿ ಅಂಗಡಿಯ ಕಂಪ್ಯೂಟರಿನ ಮುಂದೆ. ಪಟ್ಟಿ ತೆರೆದು ಒಂದೊಂದೇ ಹೆಸರಿನ ಮೇಲೆ ಒತ್ತುತ್ತಾ ಹೋಗುತ್ತಾರೆ. ಶಾಲೆಯ ಹೆಸರು ಎಲ್ಲಿ ಅಂದವಾಗಿ ಕಂಡಿತೋ ಅಲ್ಲಿಗೆ ಕೈ ನಿಲ್ಲುತ್ತದೆ. ಆಮೇಲೆ ಅದೇ ಅಕ್ಷರದಲ್ಲಿ ಮುಖ್ಯೋಪಾಧ್ಯಾಯರ ಮಾತು, ಏಳನೇ ತರಗತಿಯ ಕವನ, ವಿಜ್ಞಾನ ಲೇಖನ ಎಲ್ಲವೂ. ದೊಡ್ಡದಾಗಿ ಬರೆದ ಒಂದು ಹೆಸರಿನಲ್ಲಿ ಯಾವ ಫಾಂಟಿನ ದೋಷವೂ ಕಾಣುವುದಿಲ್ಲ. ದೋಷ ಕಾಣಬೇಕಾದರೆ ಪೂರ್ತಿ ಒಂದು ಪುಟ ಬೇಕು, ಅದೂ ಕಾಗದದ ಮೇಲೆ.

ಮಾದರಿ ಪುಟಕ್ಕೆ ಎಲ್ಲಿಂದಲೋ ತಂದ ವಾಕ್ಯ ಬೇಡ, ಸಂಚಿಕೆಗೆ ಬಂದ ಬರಹದಲ್ಲೇ ಕಷ್ಟದ ಭಾಗವನ್ನು ಆರಿಸಬೇಕು. ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ ಎಂದುಕೊಳ್ಳೋಣ. ಅಲ್ಲಿನ ಸಂಚಿಕೆಗೆ ರಾಷ್ಟ್ರಕೂಟರ ಬಗ್ಗೆ ಒಂದು ಲೇಖನವಿದೆ, ಇಂಗ್ಲಿಷ್ ಪದಗಳು ಬೆರೆತ ವಿಜ್ಞಾನದ ಒಂದು ಪುಟವಿದೆ, ಇಂಗ್ಲಿಷಿನಲ್ಲೇ ಬರೆದ ಒಂದು ಪ್ರವಾಸ ಕಥನವೂ ಇದೆ. ಈ ಮೂರರಿಂದಲೂ ಒಂದೊಂದು ತುಣುಕು ತೆಗೆದು ಒಂದೇ ಪುಟದಲ್ಲಿ ಕೂರಿಸಿ, ಅದೇ ಪುಟವನ್ನು ಮೂರು ಫಾಂಟುಗಳಲ್ಲಿ ತೆಗೆಯಬಹುದು: Noto Sans Kannada, Noto Serif Kannada, Tiro Kannada. ಮೂರೂ ಮುಕ್ತ ಪರವಾನಗಿಯವು, ಮುದ್ರಣಕ್ಕೆ ದುಡ್ಡು ಕೊಡಬೇಕಿಲ್ಲ. ಅಳತೆ ಮಾತ್ರ ಕಣ್ಣಿಗೆ ಸಮನಾಗಿರಬೇಕು. 12 ಪಾಯಿಂಟ್ ಎಂದು ಮೂರಕ್ಕೂ ಕೊಟ್ಟರೂ ಒಂದರಲ್ಲಿ ಅಕ್ಷರ ದೊಡ್ಡದಾಗಿ, ಇನ್ನೊಂದರಲ್ಲಿ ಸಣ್ಣದಾಗಿ ಕಾಣಬಹುದು. ‘ಕ’ದ ಎತ್ತರ ಮೂರರಲ್ಲೂ ಒಂದೇ ಆಗುವಂತೆ ಹೊಂದಿಸಿಕೊಳ್ಳದೆ ಹೋಲಿಸಿದರೆ, ದೊಡ್ಡದಾಗಿ ಕಂಡದ್ದೇ ಗೆಲ್ಲುತ್ತದೆ.

ಪುಟ ಕೈಗೆ ಬಂದಾಗ ನಾನು ಮೊದಲು ನೋಡುವುದು ಅಕ್ಷರದ ಅಂದವನ್ನಲ್ಲ, ಸಾಲುಗಳ ನಡುವಿನ ಜಾಗವನ್ನು. ಕನ್ನಡದ ಸಾಲು ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’ ಇಂಥ ಪದಗಳಲ್ಲಿ ಒಂದಕ್ಷರಕ್ಕೆ ಎರಡು ಒತ್ತು. ಕೆಲವು ಫಾಂಟುಗಳು ಎರಡನೆಯ ಒತ್ತನ್ನು ಪಕ್ಕಕ್ಕೆ ಸರಿಸಿ ಎತ್ತರ ಉಳಿಸುತ್ತವೆ, ಕೆಲವು ಕೆಳಗಿಳಿಸುತ್ತವೆ. ಅದರಡಿಯ ಸಾಲಿನಲ್ಲಿ ‘ಕೀ’, ‘ಹಿ’ಯಂಥ ಗುಣಿತ ಬಂದರೆ, ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷಿನ ಅಭ್ಯಾಸದಂತೆ 12 ಪಾಯಿಂಟಿಗೆ 14ರ ಸಾಲು ಕೊಟ್ಟ ಪುಟಗಳಲ್ಲಿ ಈ ಡಿಕ್ಕಿ ಮಾಮೂಲು. 17 ಅಥವಾ 18ಕ್ಕೆ ಏರಿಸಿದರೆ ಹೆಚ್ಚಿನ ಫಾಂಟುಗಳಲ್ಲಿ ತಪ್ಪುತ್ತದೆ. ‘ಅಷ್ಟು ಜಾಗ ಬಿಟ್ಟರೆ ಪುಟ ಹೆಚ್ಚುತ್ತದಲ್ಲ ಸಾರ್’ ಎಂದು ಅಂಗಡಿಯವರು ರಾಗ ತೆಗೆಯುತ್ತಾರೆ. ಹೆಚ್ಚುತ್ತದೆ, ನಿಜ. ಆದರೆ ಪುಟ ಉಳಿಸಲೇಬೇಕಿದ್ದರೆ ಅಕ್ಷರವನ್ನು ಅರ್ಧ ಪಾಯಿಂಟ್ ಇಳಿಸುವುದೇ ಲೇಸು, ಸಾಲಿನ ಉಸಿರು ಕಟ್ಟಿಸಬಾರದು.

ಎರಡನೆಯ ಪರೀಕ್ಷೆ ಜೆರಾಕ್ಸ್ ಯಂತ್ರದ್ದು. ಕನ್ನಡದಲ್ಲಿ ಅರ್ಥ ಬದಲಿಸುವ ಗುರುತುಗಳು ಬಲು ಸಣ್ಣವು. ‘ದನ’ಕ್ಕೂ ‘ಧನ’ಕ್ಕೂ ನಡುವೆ ಇರುವುದು ಅಕ್ಷರದ ಬುಡದ ಒಂದು ಸೀಳು, ‘ಪಾಠ’ದ ಠಕಾರ ರಕಾರವಾಗದಂತೆ ಕಾಯುವುದು ಒಳಗಿನ ಒಂದು ಚುಕ್ಕಿ. ‘ನಾವು’ ಮತ್ತು ‘ನಾಮ’ ಎರಡನ್ನೂ ಅಕ್ಕಪಕ್ಕ ಬರೆದು ನೋಡಿ, ಕೊಂಬು ಎಲ್ಲಿ ಅಂಟಿಕೊಂಡಿದೆ ಎಂಬುದರಲ್ಲೇ ಎಲ್ಲ ಇದೆ. ಪರದೆಯ ಮೇಲೆ ಇವೆಲ್ಲ ಸ್ಪಷ್ಟ. ತೆಳು ಕಾಗದದಲ್ಲಿ ಶಾಯಿ ಸ್ವಲ್ಪ ಹರಡಿದ ಕೂಡಲೇ ಸೀಳು ಮುಚ್ಚುತ್ತದೆ, ಚುಕ್ಕಿ ಕರಗುತ್ತದೆ. ಆದ್ದರಿಂದ ಮಾದರಿ ಪುಟವನ್ನು ಒಮ್ಮೆ ಜೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿಸಿ. ಎರಡನೆಯ ಪ್ರತಿಯಲ್ಲೂ ದ–ಧ, ರ–ಠ, ಬ–ಭ ಬೇರೆಯಾಗಿ ಉಳಿದ ಫಾಂಟು ಅಚ್ಚಿನಲ್ಲೂ ಬಾಳುತ್ತದೆ. ದಪ್ಪ ಅಕ್ಷರವನ್ನೂ ಹೀಗೇ ನೋಡಬೇಕು, ಏಕೆಂದರೆ ಅದರಲ್ಲಿ ಸೀಳಿಗೆ ಇನ್ನೂ ಕಡಿಮೆ ಜಾಗ.

ದಪ್ಪದ ವಿಷಯದಲ್ಲಿ ಟಿರೋಗೆ ಒಂದು ಮಿತಿಯಿದೆ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಮೂಡಿದ ವಿನ್ಯಾಸವದು. ಹಳೆಯ ಪುಸ್ತಕದ ಗಾಂಭೀರ್ಯ ಅದರ ಗೆರೆಯಲ್ಲೇ ಇದೆ. ಆದರೆ ಬರುವುದು ಸಾದಾ ಮತ್ತು ಓರೆ ಎರಡೇ ರೂಪದಲ್ಲಿ, ದಪ್ಪ ಅಕ್ಷರವೇ ಇಲ್ಲ. ವರ್ಡಿನಲ್ಲಿ B ಒತ್ತಿದರೆ ದಪ್ಪವಾಗುತ್ತದೆ, ನಿಜ. ಆದರೆ ಅದು ತಂತ್ರಾಂಶ ಗೆರೆಗೆ ಗೆರೆ ಮೆತ್ತಿ ಮಾಡಿದ ದಪ್ಪ, ಸೀಳುಗಳೆಲ್ಲ ಅಲ್ಲೇ ಮಾಯ. ಉಪಶೀರ್ಷಿಕೆಗಳು ತುಂಬಿದ ಶಾಲಾ ಸಂಚಿಕೆಗೆ ಇದು ಸಣ್ಣ ಕೊರತೆಯಲ್ಲ.

ಇನ್ನು ಓದಿಸಿ ನೋಡುವುದು. ಮೂರು ಪುಟವನ್ನೂ ಒಂದೇ ಮಗುವಿಗೆ ಕೊಟ್ಟರೆ ಎರಡನೆಯದು ಬಾಯಿಪಾಠದಂತೆ ಸಲೀಸಾಗಿ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಫಾಂಟಿನ ಪುಟ ಕೊಟ್ಟು, ಗಟ್ಟಿಯಾಗಿ ಓದಿಸಿ, ಎಲ್ಲಿ ತಡವರಿಸಿದರು ಎಂದು ಪೆನ್ಸಿಲ್ ಗುರುತು ಹಾಕಿಕೊಳ್ಳಬೇಕು. ಕಷ್ಟದ ಪದದಲ್ಲಿ ನಿಂತರೆ ಅದು ಫಾಂಟಿನ ತಪ್ಪಲ್ಲ. ‘ಧನ’ವನ್ನು ‘ದನ’ ಎಂದು ಓದಿದರೆ, ಸಾಲು ತಪ್ಪಿ ಹಿಂದಿನ ಸಾಲಿಗೇ ಮರಳಿದರೆ ಫಾಂಟನ್ನೋ ಸಾಲಿನ ಅಂತರವನ್ನೋ ಅನುಮಾನಿಸಬಹುದು.

ಭಾವದ ಪ್ರಶ್ನೆ ಬರುವುದು ಮುಖ್ಯವಾಗಿ ಶೀರ್ಷಿಕೆಯಲ್ಲಿ. Baloo Tamma 2 ಗುಂಡುಗುಂಡಾಗಿ ನಗುವ ಅಕ್ಷರ, ಮಕ್ಕಳ ಒಗಟಿನ ಪುಟಕ್ಕೆ ಹೇಳಿ ಮಾಡಿಸಿದ್ದು. ಅದೇ ನಗುವನ್ನು ಅಗಲಿದ ಗುರುಗಳ ಶ್ರದ್ಧಾಂಜಲಿಯ ಮೇಲಿಟ್ಟರೆ ಪುಟ ಮುಜುಗರಪಡುತ್ತದೆ. ಎರಡಕ್ಕೂ ಒಗ್ಗುವ ಒಂದೇ ಶೀರ್ಷಿಕೆ ಬೇಕೆಂದರೆ Anek Kannada ಅನುಕೂಲ: ತೆಳುವಿನಿಂದ ದಪ್ಪಕ್ಕೆ, ಕಿರಿದರಿಂದ ಅಗಲಕ್ಕೆ ಅದು ಬೇಕಾದಂತೆ ಬಗ್ಗುತ್ತದೆ. ಶೀರ್ಷಿಕೆಗೆ ಒಂದು, ಒಡಲಿಗೆ ಒಂದು ಸಾಕು. ಮೂರನೆಯದು ಸೇರಿದರೆ ಮದುವೆ ಕರೆಯೋಲೆಯಾಗುತ್ತದೆ.

ಇಂಗ್ಲಿಷ್ ಜೊತೆಗಾರಿಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಕನ್ನಡದ ದುಂಡು ಅಕ್ಷರಗಳ ನಡುವೆ ಟೈಮ್ಸ್ ನ್ಯೂ ರೋಮನ್ ಇಟ್ಟರೆ ಅದರ ಸಣ್ಣಕ್ಷರಗಳು ಇಕ್ಕಟ್ಟಾಗಿ, ಬಡಕಲಾಗಿ ಕಾಣುತ್ತವೆ. ಪೂರ್ತಿ ದೊಡ್ಡಕ್ಷರದ NCERT, ISRO ಮಾತ್ರ ಸಾಲಿನಿಂದ ತಲೆ ಎತ್ತಿ ನಿಲ್ಲುತ್ತವೆ. ಸುಲಭದ ದಾರಿಯೆಂದರೆ ಒಂದೇ ಕುಟುಂಬದ ಇಂಗ್ಲಿಷನ್ನು ತರುವುದು: ನೋಟೋ ಸೆರಿಫ್ ಕನ್ನಡಕ್ಕೆ Noto Serif, ಟಿರೋಗೆ ಅದರೊಳಗೇ ಇರುವ ಇಂಗ್ಲಿಷ್. ಆಗಲೂ ಕಣ್ಣಳತೆ ಬಿಡಬಾರದು. ಮುಖ ಬೇರೆಯಾದರೂ ಎರಡು ಲಿಪಿಯ ಕಪ್ಪು ಒಂದೇ ಸಮ ಇರಬೇಕು. ಪುಟವನ್ನು ತಲೆಕೆಳಗಾಗಿ ಹಿಡಿದು ಕಣ್ಣು ಕಿರಿದುಮಾಡಿ ನೋಡಿದಾಗ ಇಂಗ್ಲಿಷ್ ಪದಗಳು ಚುಕ್ಕೆಚುಕ್ಕೆಯಾಗಿ ಎದ್ದು ಕಂಡರೆ ಅರ್ಧ ಪಾಯಿಂಟ್ ಹೆಚ್ಚುಕಮ್ಮಿ ಮಾಡಿ ನೋಡಬೇಕು. ವರ್ಡಿನ ಫಾಂಟ್ ಕಿಟಕಿಯಲ್ಲಿ ಇದಕ್ಕೆ ದಾರಿಯಿದೆ: ಕನ್ನಡದ ಫಾಂಟು, ಅಳತೆ ಎರಡೂ Complex scripts ಎಂಬಲ್ಲಿ, ಇಂಗ್ಲಿಷಿನದು Latin text ಎಂಬಲ್ಲಿ, ಬೇರೆ ಬೇರೆ. 1 2 3 ಅಂಕಿಗಳು ಹೆಚ್ಚಾಗಿ ಇಂಗ್ಲಿಷ್ ಫಾಂಟಿನಿಂದಲೇ ಬರುವುದರಿಂದ, ಒಂದೂ ಇಂಗ್ಲಿಷ್ ಪದವಿಲ್ಲದ ರಾಷ್ಟ್ರಕೂಟರ ಪುಟದಲ್ಲೂ ಇಸವಿಗಳ ರೂಪದಲ್ಲಿ ಈ ಆಯ್ಕೆ ಇಣುಕುತ್ತದೆ.

ನಮ್ಮ ಈ ಸಂಚಿಕೆಗಾದರೆ ನನ್ನ ಮತ ಒಡಲಿಗೆ ನೋಟೋ ಸೆರಿಫ್, ಶೀರ್ಷಿಕೆಗೆ ಅನೇಕ್. ಪರದೆಯ ಮೇಲೆ ನೋಟೋ ಸ್ಯಾನ್ಸ್ ಚೆಂದವೇ, ಆದರೆ ಉದ್ದ ಲೇಖನದಲ್ಲಿ ಅದರ ಒಂದೇ ದಪ್ಪದ ಗೆರೆ ನನ್ನ ಕಣ್ಣಿಗೆ ಬೇಗ ಬೇಸರ ತರುತ್ತದೆ. ಪಟ್ಟಿ, ಚಿತ್ರದ ಅಡಿಬರಹಕ್ಕೆ ಅದನ್ನು ಇಟ್ಟುಕೊಳ್ಳಬಹುದು. ಟಿರೋವನ್ನು ದಪ್ಪವೇ ಬೇಡದ ಕವನದ ಪುಟಗಳಿಗೆ ಕೊಡುವ ಆಸೆಯಾಗುತ್ತದೆ, ಮೂರನೆಯದು ಬೇಡ ಎಂದು ಈಗಷ್ಟೇ ಹೇಳಿದ್ದರಿಂದ ಸುಮ್ಮನಿದ್ದೇನೆ.

ಫಾಂಟು ಹಾಕುವ ಮುನ್ನ ಬರಹಗಳ ಮೂಲ ನೋಡಿ. ಹಳೆಯ ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದ ಕ್ರಮದಲ್ಲಿ ಟೈಪಿಸಿದ ಲೇಖನಕ್ಕೆ ಈ ಯಾವ ಫಾಂಟು ಹಾಕಿದರೂ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಮತ್ತೊಮ್ಮೆ ಓದಬೇಕು. ಇನ್‌ಡಿಸೈನಿನಲ್ಲಿ ಪುಟ ಕಟ್ಟುವವರು Adobe World-Ready Paragraph Composer ಆರಿಸಿರಬೇಕು, ಇಲ್ಲದಿದ್ದರೆ ‘ಸ್ತ್ರೀ’ ಬಿಡಿಬಿಡಿಯಾಗಿ ಚದುರುತ್ತದೆ. ಪ್ರೆಸ್ಸಿಗೆ ವರ್ಡ್ ಕಡತ ಕೊಟ್ಟರೆ ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದೆ ಬೇರೊಂದು ಬಂದು ಕೂತು, ಸಾಲು, ಪುಟ ಎಲ್ಲ ಜಾರಬಹುದು. ಫಾಂಟು ಅಡಕವಾದ ಪಿಡಿಎಫ್ ಕೊಟ್ಟು, ಕರಡು ಅಚ್ಚು ಬಂದಾಗ ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ, ಧನ, ಪಾಠ ಇರುವ ಸಾಲುಗಳನ್ನು ಮೊದಲು ಹುಡುಕಿ ನೋಡಿ.