ಬಾದಾಮಿಯ ಗುಹಾಲಯಗಳ ಅಧ್ಯಯನಪ್ರವಾಸ: ಮೆಟ್ಟಿಲು, ಬೆಳಕು, ಹೊತ್ತು

ಗುಹಾವಾಸ್ತುವನ್ನು ವಿಷಯವಾಗಿರಿಸಿಕೊಂಡು ವಿದ್ಯಾರ್ಥಿಗಳೊಡನೆ ಬಾದಾಮಿಗೆ ಹೋಗುವ ಅಧ್ಯಾಪಕರು ಸಾಮಾನ್ಯವಾಗಿ ಗುಹೆಗಳ ಸಂಖ್ಯೆಯನ್ನೇ ನೋಡುವ ಕ್ರಮವಾಗಿ ಹಿಡಿಯುತ್ತಾರೆ. ಕೆಳಗಿನ ಗುಹೆ ಒಂದನೆಯದು, ಅಲ್ಲಿಂದ ಮೇಲೇರುತ್ತ ಎರಡನೆಯದು, ಮೂರನೆಯದು. ನಾಲ್ಕನೆಯದಾದ ಜೈನಗುಹೆ ಮೂರನೆಯದರ ಮಗ್ಗುಲಲ್ಲಿದೆ. ಈ ಕ್ರಮವನ್ನು ನಾವೂ ಕೆಲಕಾಲ ಅನುಸರಿಸಿದೆವು. ಒಮ್ಮೆ ಮೂರನೆಯ ಗುಹೆಯನ್ನು ಮುಟ್ಟುವ ವೇಳೆಗೆ ಮಧ್ಯಾಹ್ನವಾಗಿತ್ತು; ಬರೆಹದ ಪುಸ್ತಕ ತೆರೆದವರು ಐದಾರು ಮಂದಿ, ಉಳಿದವರು ನೆರಳನ್ನು ಹುಡುಕಿ ಕುಳಿತರು. ಎಲ್ಲಕ್ಕಿಂತ ಹೆಚ್ಚು ಗಮನವನ್ನು ಬೇಡುವ ಗುಹೆ ಅದೇ ಆಗಿದ್ದುದು ನಮ್ಮ ಯೋಜನೆಯ ದೋಷವನ್ನು ಎತ್ತಿ ತೋರಿಸಿತು.

ಮೂರನೆಯ ಗುಹೆ ನಾಲ್ಕರಲ್ಲಿ ದೊಡ್ಡದು; ಅದರ ಮೊಗಸಾಲೆಯ ಅಗಲವೇ ಸುಮಾರು 70 ಅಡಿ. ಶಕವರ್ಷ 500, ಎಂದರೆ ಕ್ರಿ.ಶ. 578ರ ಮಂಗಲೇಶನ ಸಂಸ್ಕೃತ ಶಾಸನ ಇಲ್ಲಿದೆ. ನಾಲ್ಕು ಗುಹೆಗಳಲ್ಲಿ ನಿರ್ಮಾಣಕಾಲವು ಶಾಸನದಿಂದಲೇ ಗೊತ್ತಾಗುವುದು ಇದೊಂದರದೇ ಆದುದರಿಂದ, ಉಳಿದ ಮೂರರ ಕಾಲವನ್ನು ಇದಕ್ಕೆ ಹೋಲಿಸಿಯೇ ಊಹಿಸಬೇಕಾಗುತ್ತದೆ. ಲಂಜಿಗೇಸರವೆಂಬ ಗ್ರಾಮದಾನವನ್ನು ಹೇಳುವ ಮಂಗಲೇಶನ ಕನ್ನಡ ಶಾಸನವೂ ಇದೇ ಗುಹೆಗೆ ಸೇರಿದುದು. ಕಪೋತದ ಒಳಮೈಯಲ್ಲಿ ವರ್ಣಚಿತ್ರದ ಅವಶೇಷಗಳಿವೆ. ದಣಿಯದ ಕಣ್ಣಿಗೆ ಮೊದಲು ದೊರೆಯಬೇಕಾದುದು ಇದು.

ಮೆಟ್ಟಿಲುಗಳ ಲೆಕ್ಕ ಹೀಗಿದೆ: ಮೊದಲನೆಯ ಗುಹೆಗೆ ಸುಮಾರು ನಾಲ್ವತ್ತು, ಅಲ್ಲಿಂದ ಎರಡನೆಯದಕ್ಕೆ ಅರುವತ್ತಕ್ಕಿಂತ ತುಸು ಹೆಚ್ಚು, ಮತ್ತೆ ಮೂರನೆಯದಕ್ಕೆ ಅರುವತ್ತರಷ್ಟು. ಬೆಳಗ್ಗೆ ದ್ವಾರ ತೆರೆದೊಡನೆ, ಕೆಳಗಿನ ಎರಡು ಗುಹೆಗಳ ಅಂಗಳಗಳಲ್ಲಿ ಉಸಿರಾಡಲು ಮಾತ್ರ ನಿಂತು, ನೇರವಾಗಿ ಮೂರನೆಯದಕ್ಕೆ ಏರಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿ ಒಂದೂವರೆ ಗಂಟೆ ಕಳೆದು, ಜೈನಗುಹೆಯನ್ನು ನೋಡಿ, ಆಮೇಲೆ ಎರಡನೆಯದಕ್ಕೂ ಒಂದನೆಯದಕ್ಕೂ ಇಳಿದು ಬರಬಹುದು. ಮೊಣಕಾಲು ನೋವಿರುವವರಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ಈ ಕ್ರಮದಲ್ಲಿ ಇಳಿತವು ಎರಡು ದೀರ್ಘ ವಿರಾಮಗಳಿಂದ ಒಡೆದು ಹಗುರವಾಗುತ್ತದೆ. ಮೇಲೇರಲಾಗದವರು ಒಂದನೆಯ ಗುಹೆಯಲ್ಲಿಯೇ ಉಳಿದು ಅಲ್ಲಿಯ ಹದಿನೆಂಟು ತೋಳುಗಳ ನಟರಾಜನನ್ನು ಒಂದೊಂದು ಕೈಯಾಗಿ ಗುರುತಿಸಿ ಚಿತ್ರಿಸಿಕೊಂಡರೆ, ಉಳಿದವರು ಇಳಿದು ಬಂದಾಗ ಅವರೇ ಅದನ್ನು ವಿವರಿಸಬಹುದು. ಬುತ್ತಿಯನ್ನು ಮಾತ್ರ ಯಾರೂ ಕೈಯಲ್ಲಿ ಹಿಡಿಯಬಾರದು. ಮೆಟ್ಟಿಲುಗಳ ಮೇಲಿನ ಕೋತಿಗಳು ಅದನ್ನು ಕಸಿಯುವಾಗ ಕಾಲು ಜಾರುವ ಭಯವುಂಟು.

ಇನ್ನು ಬೆಳಕು. ಈ ಗುಹೆಗಳು ದಕ್ಷಿಣದ ಬೆಟ್ಟದಲ್ಲಿದ್ದು ಹೆಚ್ಚುಕಡಮೆ ಉತ್ತರಕ್ಕೆ ಮುಖಮಾಡಿವೆ. ಬಾದಾಮಿಯ ಅಕ್ಷಾಂಶ ಸುಮಾರು 16 ಡಿಗ್ರಿ. ಆದುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ ನಡುಹಗಲಿನ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ. ಪ್ರವಾಸಗಳು ನಡೆಯುವ ಡಿಸೆಂಬರ್, ಜನವರಿಗಳಲ್ಲಿ ಸೂರ್ಯ ಬೆಟ್ಟದ ಹಿಂದೆ ದಕ್ಷಿಣದಲ್ಲಿ ಚಲಿಸುವುದರಿಂದ ಗುಹೆಯೊಳಕ್ಕೆ ನೇರ ಬಿಸಿಲು ಬೀಳದು. ಆಕಾಶದಿಂದಲೂ ಎದುರಿನ ಬಂಡೆಗಳಿಂದಲೂ ಮರಳಿ ಬರುವ ಬೆಳಕೇ ಗತಿ. ಇದು ತಂಪಿಗೆ ಅನುಕೂಲ, ಓದಿಗೆ ಪ್ರತಿಕೂಲ: ಸಮನಾದ ಬೆಳಕಿನಲ್ಲಿ ಅಕ್ಷರದ ತಗ್ಗುಗಳಿಗೆ ನೆರಳೇ ಬೀಳುವುದಿಲ್ಲ. ಶಾಸನದ ಎದುರಿಗೆ ಕೈದೀಪ ಹಿಡಿದರೆ ಅಕ್ಷರಗಳು ಮತ್ತಷ್ಟು ಮಾಯವಾಗುತ್ತವೆ. ದೀಪವನ್ನು ಕಲ್ಲಿನ ಮೈಗೆ ಹತ್ತಿರವಾಗಿ, ಒಂದು ಪಕ್ಕದಿಂದ ಓರೆಯಾಗಿ ಹಿಡಿದು, ಆಮೇಲೆ ಇನ್ನೊಂದು ಪಕ್ಕದಿಂದಲೂ ಹಿಡಿಯಬೇಕು. ಎರಡರಲ್ಲಿಯೂ ಕಂಡ ಗೆರೆ ಉಳಿಯದು. ಒಂದರಲ್ಲಿ ಮಾತ್ರ ಕಂಡ ಗೆರೆಯನ್ನು ಅನುಮಾನದಿಂದ ನೋಡಬೇಕು, ಅದು ಕಲ್ಲಿನ ಸಹಜವಾದ ಸೀಳಿರಬಹುದು. ವರ್ಣಚಿತ್ರಗಳ ಮೇಲೆ ಕ್ಯಾಮರಾದ ಮಿಂಚುದೀಪ ಸಲ್ಲದು.

ಹೊರಗಿನ ಪ್ರಕಾಶದಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕೆಲವು ನಿಮಿಷಗಳೇ ಬೇಕು, ಪೂರ್ಣವಾಗಿ ಹೊಂದಲು ಅರ್ಧ ಗಂಟೆಯೂ ಹಿಡಿಯಬಹುದು. ಮೊಗಸಾಲೆಯ ಶಿಲ್ಪಗಳನ್ನು ಮೊದಲು ನೋಡಿ, ಆಮೇಲೆ ಸಭಾಮಂಟಪ, ಕಡೆಯಲ್ಲಿ ಗರ್ಭಗೃಹ ಎಂಬ ಕ್ರಮದಲ್ಲಿ ಸಾಗಿದರೆ ಕಣ್ಣು ತಾನಾಗಿಯೇ ಪಳಗುತ್ತದೆ. ನಡುವೆ ಒಬ್ಬ ವಿದ್ಯಾರ್ಥಿ ದೀಪವನ್ನು ಎಲ್ಲರ ಮುಖಕ್ಕೆ ತಿರುಗಿಸಿದರೆ ಈ ಪ್ರಯತ್ನವೆಲ್ಲ ವ್ಯರ್ಥ. ದೀಪ ಅಧ್ಯಾಪಕರ ಕೈಯಲ್ಲಿರುವುದು ಲೇಸು.

ಐಹೊಳೆಯ ರಾವಣಫಡಿಗೆ ಈ ಲೆಕ್ಕ ಒಪ್ಪುವುದಿಲ್ಲ. ಅದರ ಮುಖ ನೈಋತ್ಯಕ್ಕೆ; ಚಳಿಗಾಲದ ಇಳಿಹೊತ್ತಿನ ಸೂರ್ಯ ಅದಕ್ಕೆ ಎದುರಾಗುತ್ತಾನೆ. ಏರಬೇಕಾದ ಮೆಟ್ಟಿಲುಗಳೂ ಕೆಲವೇ. ಬಾದಾಮಿಯನ್ನು ಬೆಳಗ್ಗೆ ಮುಗಿಸಿ, ಊಟವಾದ ಮೇಲೆ ಹೊರಟರೆ ಮೂರೂವರೆಯ ಸುಮಾರಿಗೆ ಅಲ್ಲಿಗೆ ತಲಪಬಹುದು. ಬಾದಾಮಿಯಲ್ಲಿ ಕೆಳಗೇ ಉಳಿದವರು ಇಲ್ಲಿ ಸಪ್ತಮಾತೃಕೆಯರ ನಡುವೆ ನರ್ತಿಸುವ ಶಿವನನ್ನು ತಾವು ಬೆಳಗ್ಗೆ ಚಿತ್ರಿಸಿಕೊಂಡ ನಟರಾಜನೊಡನೆ ಹೋಲಿಸಿ ನೋಡಲಿ.